ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕಂಪನಿಯೇ ಕೊಡಬೇಕೇ?

ಪ್ರಶ್ನೆ: ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಏಜೆನ್ಸಿ ಮೂಲಕ ನಾವು 24 ಜನ ಹೌಸ್‌ಕೀಪಿಂಗ್, ಲೋಡಿಂಗ್ ಕೆಲಸ ಮಾಡ್ತಿದ್ದೀವಿ. ಸಂಬಳ 15,000, ಕೈಗೆ ಬರೋದು 13,087. ಜನವರಿ, ಫೆಬ್ರವರಿ ಸಂಬಳ ಬಂದಿಲ್ಲ. ನವೆಂಬರಿಂದ ಪಿಎಫ್ ಕೂಡ ಕಟ್ಟಿಲ್ಲ, ಇಎಸ್‌ಐ ಕೂಡ ಇಲ್ಲ. ಏಜೆನ್ಸಿಯವರು ಕಂಪನಿ ಬಿಲ್ ಪಾಸ್ ಮಾಡಿಲ್ಲ ಅಂತಾರೆ. ಕಂಪನಿ ಎಚ್‌ಆರ್ ಅವರು ಬಿಲ್ ದುಡ್ಡು ಯಾವಾಗಲೋ ಕೊಟ್ಟಾಯ್ತು, ನೀವು ನಮ್ಮ ನೌಕರರಲ್ಲ ಅಂತಾರೆ. ಸೆಕ್ಯುರಿಟಿಯವರು 18, ಕ್ಯಾಂಟೀನಿನವರು 11 ಜನ ಬೇರೆ ಬೇರೆ ಏಜೆನ್ಸಿಯಲ್ಲಿದ್ದಾರೆ. ನಾವು ಯಾರನ್ನ ಹಿಡ್ಕೋಬೇಕು?

ಉತ್ತರ: ಇಬ್ಬರನ್ನೂ. ಸಂಬಳ ಕೊಡುವ ಮೊದಲ ಹೊಣೆ ಗುತ್ತಿಗೆದಾರನದು. ಅವನು ಕೊಡದಿದ್ದರೆ, ಅಥವಾ ಕಡಿಮೆ ಕೊಟ್ಟರೆ, ಬಾಕಿ ಪೂರ್ತಿ ಕೊಡುವ ಹೊಣೆ ಮೂಲ ಮಾಲೀಕನದು, ಅಂದರೆ ನೀವು ಯಾರ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೀರೋ ಆ ಕಂಪನಿಯದು. ಕೊಟ್ಟದ್ದನ್ನು ಕಂಪನಿ ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು, ಬಿಲ್ ಉಳಿದಿಲ್ಲದಿದ್ದರೆ ಅವನಿಂದ ಬರಬೇಕಾದ ಸಾಲದಂತೆ ವಸೂಲಿ ಮಾಡಬಹುದು. ಈ ಲೆಕ್ಕಾಚಾರ ಅವರಿಬ್ಬರದು. ಅದು ಮುಗಿಯುವವರೆಗೆ ನೀವು ಕಾಯಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ.

ಹಾಗಾಗಿ ನಿಮಗೆ ಸಿಕ್ಕಿರುವ ಎರಡು ಉತ್ತರಗಳೂ ನಿಲ್ಲುವುದಿಲ್ಲ. ಬಿಲ್ ಬಂದರೂ ಬಾರದಿದ್ದರೂ ಗುತ್ತಿಗೆದಾರ ಸಂಬಳ ಕೊಡಲೇಬೇಕು. ಆ ಒಂದೆರಡು ತಿಂಗಳು ನಿಭಾಯಿಸುವ ಬಂಡವಾಳ ಇರಬೇಕೆಂದೇ ಅವನಿಗೆ ಗುತ್ತಿಗೆ ಕೊಟ್ಟಿರುವುದು. ಇನ್ನು ಕಂಪನಿ ಬಿಲ್ಲಿನ ಹಣ ಪೂರ್ತಿ ಕೊಟ್ಟಿರುವುದು ನಿಜವೇ ಇರಬಹುದು. ಆದರೂ ಹೊಣೆ ತಪ್ಪುವುದಿಲ್ಲ. ಕಂಪನಿ ದುಡ್ಡು ಕೊಟ್ಟದ್ದು ಗುತ್ತಿಗೆದಾರನಿಗೆ, ಕಾನೂನು ಕೇಳುವುದು ಕಾರ್ಮಿಕನ ಕೈಗೆ ಬಂತೋ ಇಲ್ಲವೋ ಎಂದು. ಒಂದೇ ಸಂಬಳಕ್ಕೆ ಎರಡು ಸಲ ದುಡ್ಡು ಹೋಗುವ ಅಪಾಯ ಕಂಪನಿಗೆ ಖಂಡಿತ ಇದೆ. ಗುತ್ತಿಗೆದಾರನನ್ನು ಆರಿಸಿದ್ದು ಕಂಪನಿ, ಭದ್ರತಾ ಠೇವಣಿ ಪಡೆಯುವ ಅಧಿಕಾರ ಇದ್ದದ್ದೂ ಕಂಪನಿಗೆ. ಆ ಅಪಾಯವನ್ನು ಅವರ ಮೇಲೆ ಹೊರಿಸಿದ್ದು ನ್ಯಾಯವೇ.

ಈಗ ಯಾವ ಕಾನೂನು ಎಂಬುದು. ಐವತ್ತು ವರ್ಷ ಈ ಮಾತಿಗೆ ಆಧಾರವಾಗಿದ್ದದ್ದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21(4)ನೇ ಕಲಂ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ಹೋಯಿತು. ಅದಕ್ಕೆ ಹಿಂದಿನ ಬಾಕಿಗೆ ಹಳೆಯ ಕಲಂ, ನಂತರದ್ದಕ್ಕೆ ಹೊಸದು. ನಿಮ್ಮ ಜನವರಿ, ಫೆಬ್ರವರಿ ಸಂಬಳ ಹೊಸದರ ಕೆಳಗೆ ಬರುತ್ತದೆ. ಅದರಲ್ಲಿ ನಿಮಗೆ ಬೇಕಾದ ಕಲಂಗಳು ಎರಡು, ಬೇರೆ ಬೇರೆ ಸಂಹಿತೆಯಲ್ಲಿವೆ.

ಮೊದಲನೆಯದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ 55ನೇ ಕಲಂ. ಗುತ್ತಿಗೆದಾರ ಸಂಬಳವನ್ನು ಬ್ಯಾಂಕ್ ಅಥವಾ ಎಲೆಕ್ಟ್ರಾನಿಕ್ ಮೂಲಕವೇ ಕೊಡಬೇಕು, ಎಷ್ಟು ಕೊಟ್ಟೆ ಎಂದು ಕಂಪನಿಗೆ ಎಲೆಕ್ಟ್ರಾನಿಕ್ ಆಗಿಯೇ ತಿಳಿಸಬೇಕು, ಅವನು ತಪ್ಪಿದರೆ ಕಂಪನಿ ಕೊಡಬೇಕು ಎಂದು ಅದು ಹೇಳುತ್ತದೆ. ಲೈಸೆನ್ಸಿಗಾಗಿ ಅವನು ಇಟ್ಟ ಭದ್ರತಾ ಠೇವಣಿಯಿಂದ ಸಂಬಳ ಕೊಡಿಸುವ ಅಧಿಕಾರ ಸರ್ಕಾರಕ್ಕೂ ಇದೆ. ಆದರೆ ಈ ಅಧ್ಯಾಯ ಅನ್ವಯಿಸುವುದು 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವಲ್ಲಿ. ಹಳೆಯ ಕೇಂದ್ರ ಕಾಯ್ದೆಯಲ್ಲಿ ಇದು 20 ಇತ್ತು. ಬಹಳ ಜನ ಎಡವುವುದು ಇಲ್ಲೇ. ‘ನೀವು ಇರೋದು 24, ಕಾನೂನು ನಿಮಗೆ ಬರಲ್ಲ’ ಎಂದು ನಿಮಗೂ ಹೇಳುತ್ತಾರೆ. ಕಾರ್ಖಾನೆಯ ಲೆಕ್ಕ ಏಜೆನ್ಸಿವಾರು ಅಲ್ಲ, ಕಳೆದ 12 ತಿಂಗಳಲ್ಲಿ ಯಾವುದೇ ಒಂದು ದಿನ ಎಲ್ಲ ಗುತ್ತಿಗೆದಾರರ ಜನ ಸೇರಿ ಎಷ್ಟಿದ್ದರು ಎಂಬುದು. ನಿಮ್ಮ 24, ಸೆಕ್ಯುರಿಟಿ 18, ಕ್ಯಾಂಟೀನ್ 11, ಒಟ್ಟು 53. ನಿಮ್ಮ ಕಂಪನಿ ಈ ಅಧ್ಯಾಯದ ಒಳಗಿದೆ. ಆ ದಿನದ ಗೇಟ್ ರಿಜಿಸ್ಟರ್ ಅಥವಾ ಹಾಜರಿಯ ಫೋಟೊ ಒಂದಿದ್ದರೆ ಜೋಪಾನವಾಗಿಟ್ಟುಕೊಳ್ಳಿ, ಸಂಖ್ಯೆಯ ಮೇಲೆ ವಾದ ಬಂದೇ ಬರುತ್ತದೆ.

ಎರಡನೆಯದು 2019ರ ವೇತನ ಸಂಹಿತೆಯ 43ನೇ ಕಲಂ. ನನ್ನ ಲೆಕ್ಕದಲ್ಲಿ ಕಾರ್ಮಿಕರ ಪಾಲಿಗೆ ಇದೇ ಹೆಚ್ಚು ಗಟ್ಟಿ, ಆದರೆ ಬಳಸುವವರು ಕಡಿಮೆ. ಈ ಸಂಹಿತೆಯಂತೆ ಕೊಡಬೇಕಾದ ಎಲ್ಲ ಮೊತ್ತವನ್ನೂ ನೌಕರನ ಮಾಲೀಕ ಕೊಡಬೇಕು, ಅವನು ತಪ್ಪಿದರೆ ನೌಕರ ಕೆಲಸ ಮಾಡುವ ಸಂಸ್ಥೆಯ ಒಡೆತನದ ಕಂಪನಿ ಅಥವಾ ವ್ಯಕ್ತಿ ಅದಕ್ಕೆ ಹೊಣೆ ಎನ್ನುತ್ತದೆ ಇದು. ಇದಕ್ಕೆ 50 ಜನರ ಮಿತಿ ಇಲ್ಲ. ನೀವು ಎಂಟೇ ಜನ ಇದ್ದಿದ್ದರೂ ಇದನ್ನು ಹಿಡಿದು ಕೇಳಬಹುದಿತ್ತು. ‘ಎಲ್ಲ ಮೊತ್ತ’ ಎಂಬ ಮಾತಿಗೆ ತೂಕ ಇದೆ. ಕನಿಷ್ಠ ವೇತನದಲ್ಲಿ ಬಿದ್ದ ವ್ಯತ್ಯಾಸ, ಓವರ್‌ಟೈಮಿನ ದುಪ್ಪಟ್ಟು ದರ, ಬೋನಸ್ಸು ಕೂಡ ಇದೇ ಸಂಹಿತೆಯ ಒಳಗಿವೆ. ಹಳೆಯ ಕಾಯ್ದೆಯಲ್ಲಿ ಬೋನಸ್ಸಿಗೆ ಮೂಲ ಮಾಲೀಕ ಹೊಣೆಯೇ ಅಲ್ಲವೇ ಎಂಬ ಜಗ್ಗಾಟ ಇತ್ತು. ನಿಮ್ಮ 15,000 ನಿಮ್ಮ ಕೆಲಸದ ವರ್ಗಕ್ಕೆ, ನಿಮ್ಮ ವಲಯಕ್ಕೆ ಕರ್ನಾಟಕ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನ ಮತ್ತು ತುಟ್ಟಿಭತ್ಯೆಗಿಂತ ಕಡಿಮೆ ಇದೆಯೇ ಎಂದೂ ಒಮ್ಮೆ ನೋಡಿಸಿ. ಕಡಿಮೆ ಇದ್ದರೆ ಆ ವ್ಯತ್ಯಾಸವನ್ನೂ ಇದೇ ಬೇಡಿಕೆಗೆ ಸೇರಿಸಿ.

ಗುತ್ತಿಗೆದಾರರು ಈಚೆಗೆ ಹೇಳುವ ಇನ್ನೊಂದು ಮಾತಿದೆ: ‘ಇವರು ನನ್ನ ಕಾಯಂ ನೌಕರರು, ಇವರಿಗೆ ಗುತ್ತಿಗೆ ಕಾರ್ಮಿಕರ ಕಾನೂನು ಬರಲ್ಲ.’ ಗುತ್ತಿಗೆದಾರನೇ ಕಾಯಂ ಆಗಿ ಇಟ್ಟುಕೊಂಡು, ಕಾಲಕಾಲಕ್ಕೆ ಇನ್‌ಕ್ರಿಮೆಂಟ್ ಮತ್ತು ಸಾಮಾಜಿಕ ಭದ್ರತೆ ಕೊಡುವವರನ್ನು ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ನಿಜ. ಆದರೆ ನಾಲ್ಕು ತಿಂಗಳಿಂದ ಪಿಎಫ್ ಕಟ್ಟದವನ ಬಾಯಲ್ಲಿ ಈ ಮಾತು ನಿಲ್ಲುವುದು ಕಷ್ಟ. ನಿಂತರೂ 43ನೇ ಕಲಂ ‘ನೌಕರ’ ಎನ್ನುತ್ತದೆ, ‘ಗುತ್ತಿಗೆ ಕಾರ್ಮಿಕ’ ಎನ್ನುವುದಿಲ್ಲ. ನಿಮ್ಮ ಪತ್ರದಲ್ಲಿ ಎರಡು ಕಲಂಗಳನ್ನೂ ಒಟ್ಟಿಗೆ ಹಾಕಲು ಹೇಳುವುದು ಅದಕ್ಕೇ.

ಇನ್ನು ಮೊತ್ತ. ಒಬ್ಬರ ಲೆಕ್ಕ ಸರಿಯಾಗಿ ಬರೆದಿಟ್ಟರೆ 24 ಜನರದ್ದೂ ಆದಂತೆ. 15,000ದಲ್ಲಿ ನಿಮ್ಮ ಪಿಎಫ್ ಪಾಲು 12%, ಅಂದರೆ 1,800. ಇಎಸ್‌ಐ 0.75%, ಅಂದರೆ 112.50, ಅದನ್ನು 113 ಮಾಡುತ್ತಾರೆ. ಕೈಗೆ 13,087 ಬರುವುದು ಹೀಗೆ. ಎರಡು ತಿಂಗಳಿಗೆ 26,174 ರೂಪಾಯಿ. ಪಿಎಫ್ ಬಾಕಿ ನವೆಂಬರಿನಿಂದ ನಾಲ್ಕು ತಿಂಗಳದ್ದು. ನಿಮ್ಮ ಪಾಲು 1,800, ಮಾಲೀಕನ ಪಾಲು 1,800, ತಿಂಗಳಿಗೆ 3,600, ನಾಲ್ಕಕ್ಕೆ 14,400. ಇಎಸ್‌ಐಗೆ ನಿಮ್ಮದು 113, ಮಾಲೀಕನ 3.25% ಅಂದರೆ 488, ತಿಂಗಳಿಗೆ 601, ನಾಲ್ಕಕ್ಕೆ 2,404. ಒಬ್ಬರಿಗೆ ಒಟ್ಟು 42,978. ಇಪ್ಪತ್ನಾಲ್ಕು ಜನರಿಗೆ 10,31,472 ರೂಪಾಯಿ. ತಡವಾದ ಪಿಎಫ್ ಮೇಲಿನ ಬಡ್ಡಿ, ದಂಡ ಇದರಲ್ಲಿ ಸೇರಿಲ್ಲ. ಅವನ್ನು ಹಾಕುವುದು ಪಿಎಫ್ ಇಲಾಖೆ.

ಈ ಮೂರು ಮೊತ್ತಗಳನ್ನು ಬೇರೆ ಬೇರೆ ಬರೆಯಿರಿ, ಒಂದರಲ್ಲೊಂದು ಬೆರೆಸಬೇಡಿ. ಸಂಬಳ ನಿಮ್ಮ ಖಾತೆಗೆ ಬರಬೇಕಾದದ್ದು. ಪಿಎಫ್ ಮತ್ತು ಇಎಸ್‌ಐ ಆಯಾ ಇಲಾಖೆಗೆ ಹೋಗಬೇಕಾದದ್ದು. ‘ಪಿಎಫ್ ದುಡ್ಡನ್ನೂ ಕೈಗೇ ಕೊಡ್ತೀವಿ, ಸಹಿ ಹಾಕಿ’ ಎಂದರೆ ಒಪ್ಪಬೇಡಿ. ಹಾಗೆ ಕೊಟ್ಟರೆ ಪಿಂಚಣಿಯ ಸೇವಾವಧಿಯಲ್ಲಿ ಆ ತಿಂಗಳುಗಳು ಬರುವುದೇ ಇಲ್ಲ, ಇಎಸ್‌ಐಯಲ್ಲಿ ಕೊಡುಗೆ ದಿನಗಳು ಕಡಿಮೆಯಾಗುತ್ತವೆ. ಕಾಯಿಲೆ ರಜೆಯ ಭತ್ಯೆಗೆ ಆರು ತಿಂಗಳ ಒಂದು ಕೊಡುಗೆ ಅವಧಿಯಲ್ಲಿ 78 ದಿನಗಳ ಕೊಡುಗೆ ಇರಬೇಕು. ಅಕ್ಟೋಬರಿನಿಂದ ಮಾರ್ಚಿನ ಅವಧಿಯಲ್ಲಿ ನಾಲ್ಕು ತಿಂಗಳು ಖಾಲಿ ಹೋದರೆ ಅದು ತಪ್ಪುತ್ತದೆ.

ಪಿಎಫ್, ಇಎಸ್‌ಐ ವಿಷಯದಲ್ಲಿ ಮೂಲ ಮಾಲೀಕನ ಹೊಣೆ ಸಂಬಳಕ್ಕಿಂತ ಒಂದು ಹೆಜ್ಜೆ ಮುಂದಿದೆ. ಇಎಸ್‌ಐಯಲ್ಲಿ ಗುತ್ತಿಗೆದಾರನ ಜನರದ್ದೂ ಸೇರಿ ಎರಡೂ ಪಾಲನ್ನು ಮೊದಲು ಕಟ್ಟಬೇಕಾದವನೇ ಮೂಲ ಮಾಲೀಕ, ಆಮೇಲೆ ಗುತ್ತಿಗೆದಾರನಿಂದ ತೆಗೆದುಕೊಳ್ಳಬೇಕು. ಪಿಎಫ್ ಯೋಜನೆಯ 30ನೇ ಪ್ಯಾರಾ ಕೂಡ ಅದನ್ನೇ ಹೇಳುತ್ತದೆ. ಆದರೆ ನಡೆಯುವುದು ಬೇರೆ. ಹೆಚ್ಚಿನ ಏಜೆನ್ಸಿಗಳಿಗೆ ತಮ್ಮದೇ ಪಿಎಫ್ ಕೋಡ್ ನಂಬರ್ ಇರುತ್ತದೆ. ಸ್ವಂತ ಕೋಡ್ ಇರುವ ಗುತ್ತಿಗೆದಾರನನ್ನೇ ಮೊದಲು ಹಿಡಿಯಬೇಕು ಎಂದು ಕೆಲವು ಹೈಕೋರ್ಟ್‌ಗಳು ಹೇಳಿವೆ, ಪಿಎಫ್ ಕಚೇರಿಯೂ ಸಾಮಾನ್ಯವಾಗಿ ಹಾಗೇ ಶುರು ಮಾಡುತ್ತದೆ. ನಿಮ್ಮ ದೂರಿನಲ್ಲಿ ಏಜೆನ್ಸಿಯ ಕೋಡ್ ಜೊತೆಗೆ ಕಂಪನಿಯ ಹೆಸರು, ಕೆಲಸದ ಜಾಗದ ವಿಳಾಸ ಇರಲೇಬೇಕು ಎನ್ನುವುದು ಇದಕ್ಕೆ. ಏಜೆನ್ಸಿಯವನು ಕಚೇರಿ ಖಾಲಿ ಮಾಡಿಕೊಂಡು ಹೋದರೆ ವಿಚಾರಣೆ ಕಂಪನಿಯ ಕಡೆ ತಿರುಗಲು ಕಡತದಲ್ಲಿ ದಾರಿ ಇರಬೇಕು.

ಪಿಎಫ್ ಕಟ್ಟಿದೆಯೋ ಇಲ್ಲವೋ ನೀವೇ ನೋಡಬಹುದು. ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 7738299899 ಸಂಖ್ಯೆಗೆ ಈ ಮೆಸೇಜ್ ಕಳಿಸಿದರೆ ವಿವರ ಕನ್ನಡದಲ್ಲಿ ಬರುತ್ತದೆ:

```
EPFOHO UAN KAN
```

ಪೂರ್ತಿ ನೋಡಬೇಕಾದರೆ ಪಾಸ್‌ಬುಕ್ ತೆರೆಯಿರಿ. 15,000ಕ್ಕೆ ಸರಿಯಾಗಿ ಕಟ್ಟಿದ್ದರೆ ಒಂದು ತಿಂಗಳ ಸಾಲಿನಲ್ಲಿ ನಿಮ್ಮ ಪಾಲು 1,800, ಮಾಲೀಕನ ಪಾಲು 550, ಪಿಂಚಣಿಗೆ 1,250 ಎಂದು ಮೂರು ಅಂಕಿ ಕಾಣಬೇಕು. ಮಾಲೀಕನ ಕಡೆ 550 ಮಾತ್ರ ಕಂಡು ಗಾಬರಿಯಾಗಬೇಡಿ, ಉಳಿದ 1,250 ಪಿಂಚಣಿ ಕಾಲಂಗೆ ಹೋಗಿರುತ್ತದೆ. ಆದರೆ ತುಂಬ ತಿಂಗಳು ನಿಮ್ಮ ಪಾಲು 1,800ರ ಬದಲು 1,100, 1,200 ಎಂದಿದ್ದರೆ ಗಮನಿಸಿ. ತಿಂಗಳಿಡೀ ಕೆಲಸ ಮಾಡಿದ್ದರೂ ಎಂಟು ಹತ್ತು ದಿನ ಗೈರು ಎಂದು ತೋರಿಸಿ ಕಡಿಮೆ ಸಂಬಳಕ್ಕೆ ಪಿಎಫ್ ಕಟ್ಟುವುದು ಏಜೆನ್ಸಿಗಳ ಹಳೇ ಚಾಳಿ. ನಿಮ್ಮ ಹಾಜರಿಯನ್ನು ಅದರ ಪಕ್ಕ ಇಟ್ಟರೆ ಗೊತ್ತಾಗಿಬಿಡುತ್ತದೆ. ದೂರು ಕೊಡುವ ಜಾಗ `epfigms.gov.in`. ಸಂಬಳದಿಂದ ಪಿಎಫ್ ಹಿಡಿದು ಕಟ್ಟದಿರುವುದು ಬರೀ ಬಾಕಿಯಲ್ಲ, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಂತೆ ನಂಬಿಕೆದ್ರೋಹದ ಅಪರಾಧ. ನವೆಂಬರ್, ಡಿಸೆಂಬರ್ ಸಂಬಳ ಕೊಡುವಾಗ 1,800 ಹಿಡಿದಿದ್ದಾರೆ ಎಂದು ತೋರಿಸುವ ಸಂಬಳ ಚೀಟಿ ನಿಮ್ಮಲ್ಲಿದ್ದರೆ ಅದೇ ದೊಡ್ಡ ಸಾಕ್ಷಿ.

ಈಗ ಮಾಡಬೇಕಾದ ಕೆಲಸ. ಮೊದಲು 24 ಜನರ ಪಟ್ಟಿ ಮಾಡಿ: ಹೆಸರು, ಯುಎಎನ್, ಇಎಸ್‌ಐ ಸಂಖ್ಯೆ, ಜನವರಿ ಫೆಬ್ರವರಿಯಲ್ಲಿ ಕೆಲಸ ಮಾಡಿದ ದಿನ, ಬಾಕಿ. ಗೇಟ್ ಪಾಸ್, ಐಡಿ ಕಾರ್ಡ್, ಹಿಂದಿನ ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್ ಪುಟ, ಸೂಪರ್‌ವೈಸರ್ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಶಿಫ್ಟ್ ಪಟ್ಟಿ, ಇವುಗಳ ನಕಲು ಸೇರಿಸಿ. ನೀವು ಆ ಕಾರ್ಖಾನೆಯಲ್ಲೇ ಕೆಲಸ ಮಾಡಿದಿರಿ ಎಂಬುದು ಸಾಬೀತಾದರೆ, ಸಂಬಳ ಕೊಟ್ಟಾಗಿದೆ ಎಂದು ತೋರಿಸುವ ಭಾರ ವೇತನ ಸಂಹಿತೆಯ 59ನೇ ಕಲಂನಂತೆ ಅವರ ಮೇಲಿದೆ. ನಿಮಗೆ ಬೇಕಾದದ್ದು ಕೆಲಸದ ಪುರಾವೆ.

ಆಮೇಲೆ ಏಜೆನ್ಸಿಗೂ ಕಂಪನಿಗೂ ಒಂದೇ ಪತ್ರ, ರಿಜಿಸ್ಟರ್ಡ್ ಅಂಚೆಯಲ್ಲಿ ಮತ್ತು ಇಮೇಲಿನಲ್ಲಿ. ಉದ್ದ ಬೇಡ, ಇಷ್ಟಿದ್ದರೆ ಸಾಕು:

‘ನಾವು ನಿಮ್ಮ ಪೀಣ್ಯ ಕಾರ್ಖಾನೆಯಲ್ಲಿ ಇಂಥ ಗುತ್ತಿಗೆದಾರರ ಮೂಲಕ ಕೆಲಸ ಮಾಡುವ 24 ಜನ. ಜನವರಿ ಸಂಬಳ ಫೆಬ್ರವರಿ 7ಕ್ಕೆ, ಫೆಬ್ರವರಿಯದ್ದು ಮಾರ್ಚ್ 7ಕ್ಕೆ ಬರಬೇಕಿತ್ತು, ಬಂದಿಲ್ಲ. ಗುತ್ತಿಗೆದಾರರು ಕೊಡದ ಕಾರಣ ವೇತನ ಸಂಹಿತೆ 2019ರ 43ನೇ ಕಲಂ ಮತ್ತು ಔದ್ಯೋಗಿಕ ಸುರಕ್ಷತಾ ಸಂಹಿತೆ 2020ರ 55(3)ನೇ ಕಲಂನಂತೆ ಲಗತ್ತಿಸಿದ ಪಟ್ಟಿಯ ಮೊತ್ತವನ್ನು ನಮ್ಮ ಬ್ಯಾಂಕ್ ಖಾತೆಗಳಿಗೆ ನೀವು ಪಾವತಿಸಬೇಕು. ನವೆಂಬರಿನಿಂದ ಬಾಕಿ ಇರುವ ಪಿಎಫ್, ಇಎಸ್‌ಐ ಎರಡೂ ಪಾಲನ್ನು ಆಯಾ ಇಲಾಖೆಗೆ ಕಟ್ಟಿಸಬೇಕು.’

ಕೆಳಗೆ 24 ಸಹಿ. ಇಬ್ಬರೋ ಮೂವರೋ ಮಾತ್ರ ಸಹಿ ಹಾಕಿದರೆ ಅವರನ್ನು ಬೇರೆ ಸೈಟಿಗೆ ಎತ್ತಂಗಡಿ ಮಾಡಿ ಬಾಯಿ ಮುಚ್ಚಿಸುವುದು ಸುಲಭ.

ಈ ಪತ್ರ ಬಂದಾಗ ಕಂಪನಿ ಹಿಂದೇಟು ಹಾಕುವುದಕ್ಕೆ ಬಹಳ ಸಲ ದುಡ್ಡು ಕಾರಣವಲ್ಲ, ಭಯ ಕಾರಣ. ನೇರವಾಗಿ ಸಂಬಳ ಕೊಟ್ಟರೆ ನಾಳೆ ಇವರು ‘ನಾವು ಕಂಪನಿಯ ನೌಕರರು, ಕಾಯಂ ಮಾಡಿ’ ಎಂದು ಕೋರ್ಟಿಗೆ ಹೋಗುತ್ತಾರೆ ಎಂಬ ಭಯ. ಅದನ್ನು ನೀವೇ ಬಿಡಿಸಿ ಹೇಳಬಹುದು. ಗುತ್ತಿಗೆದಾರ ತಪ್ಪಿದ್ದಕ್ಕೆ ಕಾನೂನಿನಂತೆ ಕೊಟ್ಟ ಸಂಬಳ ಗುತ್ತಿಗೆದಾರನ ಪರವಾಗಿ ಕೊಟ್ಟದ್ದು. ಅದರಿಂದಲೇ ಯಾರೂ ಕಂಪನಿಯ ನೌಕರರಾಗುವುದಿಲ್ಲ. ಗುತ್ತಿಗೆ ಎಂಬುದೇ ಬರೀ ತೋರಿಕೆಯೇ ಎಂಬುದು ಬೇರೆ ಪ್ರಶ್ನೆ. ಗುತ್ತಿಗೆ ಕಾರ್ಮಿಕರು ತಂತಾನೇ ಕಾಯಂ ಆಗುವುದಿಲ್ಲ, ತೋರಿಕೆಯ ಗುತ್ತಿಗೆ ಎಂದು ಸಾಬೀತಾದರೆ ಮಾತ್ರ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ನಿಮ್ಮಲ್ಲಿ ಆ ಆಸೆ ಇದ್ದರೂ ಸಂಬಳದ ಅರ್ಜಿಯಲ್ಲಿ ಅದನ್ನು ಸೇರಿಸಬೇಡಿ. ಸಂಬಳದ ವಿಷಯ ತಿಂಗಳುಗಳಲ್ಲಿ ಮುಗಿಯಬಹುದು, ಕಾಯಮಾತಿಯ ವಿವಾದ ವರ್ಷಗಟ್ಟಲೆ ಎಳೆಯುತ್ತದೆ.

ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಗೆ ಅದೇ ಪಟ್ಟಿ, ಅದೇ ಪತ್ರದ ನಕಲು, ಅಂಚೆ ರಸೀದಿ ಸಮೇತ ದೂರು ಕೊಡಿ. ಅಧಿಕಾರಿ ಇಬ್ಬರನ್ನೂ ಕರೆಸಿದಾಗಲೇ ಸಂಬಳ ಬಿಡುಗಡೆಯಾಗುವುದುಂಟು, ಯಾಕೆಂದರೆ ಏಜೆನ್ಸಿಯ ಮುಂದಿನ ಬಿಲ್ ಆಗ ಇನ್ನೂ ಕಂಪನಿಯ ಕೈಯಲ್ಲೇ ಇರುತ್ತದೆ. ಆಗಲೂ ಆಗದಿದ್ದರೆ ವೇತನ ಸಂಹಿತೆಯ 45ನೇ ಕಲಂನ ಪ್ರಾಧಿಕಾರದ ಮುಂದೆ ಕ್ಲೇಮ್ ಅರ್ಜಿ. 24 ಜನರಿಗೂ ಸೇರಿ ಒಂದೇ ಅರ್ಜಿ ಹಾಕಬಹುದು, ಕಾರ್ಮಿಕ ಸಂಘವೂ ಹಾಕಬಹುದು. ಗಡುವು ಮೂರು ವರ್ಷ. ಹಿಂದೆ ಕನಿಷ್ಠ ವೇತನಕ್ಕೆ ಆರು ತಿಂಗಳು, ಸಂಬಳಕ್ಕೆ ಒಂದು ವರ್ಷ ಮಾತ್ರ ಇತ್ತು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಹಾಕುವ ಅಧಿಕಾರ ಪ್ರಾಧಿಕಾರಕ್ಕಿದೆ. ಹತ್ತು ಪಟ್ಟು ಸಿಕ್ಕೇ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ, ಅದು ಗರಿಷ್ಠ ಮಿತಿ. ಅರ್ಜಿಯಲ್ಲಿ ಎದುರುದಾರರಾಗಿ ಏಜೆನ್ಸಿ ಮತ್ತು ಕಂಪನಿ ಎರಡೂ ಇರಲೇಬೇಕು. ಏಜೆನ್ಸಿಯ ಮೇಲೆ ಮಾತ್ರ ಆದೇಶ ತಂದುಕೊಂಡರೆ, ಅವನ ಕಚೇರಿಗೆ ಬೀಗ ಬಿದ್ದಾಗ ಕಂಪನಿಯಿಂದ ವಸೂಲಿಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಕಂಪನಿ ಎಚ್‌ಆರ್‌ನವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಬಿಲ್ ಜೊತೆ ಏಜೆನ್ಸಿ ಲಗತ್ತಿಸುವ ಪಿಎಫ್ ಚಲನ್ ನೋಡಿ ಸುಮ್ಮನಾಗಬೇಡಿ. ಅದು ಏಜೆನ್ಸಿಯ ಎಲ್ಲ ಸೈಟುಗಳಿಗೂ ಸೇರಿ ಕಟ್ಟಿದ ಒಟ್ಟು ಮೊತ್ತ. 200 ಜನರಿಗೆ ಕಟ್ಟಿದ ಒಂದೇ ಚಲನ್ನನ್ನು ನಾಲ್ಕು ಕಂಪನಿಗೆ ತೋರಿಸಬಹುದು, ನಿಮ್ಮ 24 ಜನ ಅದರಲ್ಲಿ ಇಲ್ಲದೇ ಇರಬಹುದು. ಹೆಸರು ಮತ್ತು ಯುಎಎನ್ ಇರುವ ಮಾಸಿಕ ರಿಟರ್ನ್ ಪಟ್ಟಿ ತರಿಸಿ ನಿಮ್ಮ ಗೇಟ್ ಹಾಜರಿಯೊಂದಿಗೆ ತಾಳೆ ನೋಡಿ. ಬಾಕಿ ಕೊಡುವಾಗ ಸಂಬಳವನ್ನು ಕಾರ್ಮಿಕರ ಖಾತೆಗೆ ನೇರ ಹಾಕಿ, 55(3)ನೇ ಕಲಂನಂತೆ ಗುತ್ತಿಗೆದಾರರ ಪರವಾಗಿ ಎಂದು ಪತ್ರದಲ್ಲಿ ಬರೆದು ಅವರಿಗೂ ಒಂದು ಪ್ರತಿ ಕಳಿಸಿ. ಏಜೆನ್ಸಿಯ ಕೈಗೇ ಮತ್ತೆ ದುಡ್ಡು ಕೊಟ್ಟು ‘ಈ ಸಲ ಕೊಟ್ಟುಬಿಡಿ’ ಎಂದರೆ ಮೂರನೇ ಸಲವೂ ನೀವೇ ಕೊಡುವ ಪರಿಸ್ಥಿತಿ ಬರಬಹುದು.

ಕೆಲಸದಲ್ಲಿ ಪೆಟ್ಟಾದರೆ ಏನು ಎಂಬುದೂ ನಿಮಗೆ ಬೇಕಾದೀತು. ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಪರಿಹಾರ ಇಎಸ್‌ಐಯಿಂದಲೇ. ಕೊಡುಗೆ ಕಟ್ಟಿಲ್ಲ ಎಂಬ ಕಾರಣಕ್ಕೆ ಸೌಲಭ್ಯ ತಪ್ಪುವಂತಾದರೆ ನಿಗಮ ಕೊಟ್ಟು ಮೂಲ ಮಾಲೀಕನಿಂದ ವಸೂಲಿ ಮಾಡಲು ಅವಕಾಶ ಇದೆ. ಗ್ರಾಚ್ಯುಟಿಗೆ ಸಂಬಳದಷ್ಟು ನೇರ ದಾರಿ ಇಲ್ಲ. ಏಜೆನ್ಸಿ ಬದಲಾದಾಗಲೆಲ್ಲ ಹಳೆಯವನು ‘ನನ್ನ ಬಳಿ ಐದು ವರ್ಷ ಆಗಿಲ್ಲ’ ಎನ್ನುತ್ತಾನೆ, ಹೊಸಬ ‘ಹಿಂದಿನದು ನನಗೆ ಗೊತ್ತಿಲ್ಲ’ ಎನ್ನುತ್ತಾನೆ. ಈ ಗಲಾಟೆಯ ನಂತರ ನಿಮ್ಮ ಕಂಪನಿ ಏಜೆನ್ಸಿಯನ್ನು ಬದಲಿಸುವ ಸಾಧ್ಯತೆ ಹೆಚ್ಚು. ಹಾಗಾದರೆ ಹಳೆಯ ಏಜೆನ್ಸಿಯ ಕೊನೆಯ ಬಿಲ್ ಪಾಸಾಗುವ ಮೊದಲೇ ನಿಮ್ಮ ಬಾಕಿ ಪಟ್ಟಿ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿರಲಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕೆಲಸದಿಂದ ತೆಗೆದವರ ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಹಳೆಯವನ ಹೆಸರಿನಲ್ಲಿ ಸೇವಾವಧಿ ನಮೂದಿಸಿದ ಅನುಭವ ಪತ್ರವನ್ನೂ ಅದೇ ವಾರ ಕೇಳಿ ಪಡೆದುಕೊಳ್ಳಿ. ಹೊಸ ಏಜೆನ್ಸಿಯವನು ಖಾಲಿ ಹಾಳೆಯ ಮೇಲೆ ಅಥವಾ ‘ಹಿಂದಿನ ಎಲ್ಲ ಬಾಕಿ ಚುಕ್ತಾ’ ಎಂದು ಅಚ್ಚಾದ ಕಾಗದದ ಮೇಲೆ ಸಹಿ ಕೇಳಿದರೆ, ದುಡ್ಡು ಖಾತೆಗೆ ಬರುವವರೆಗೆ ಹಾಕಬೇಡಿ.